ಚಾರ್ಜಿಂಗ್ ಪರದೆಯ ಅಂಕಿಗಳನ್ನು ಓದುವ ಬಗೆ

ಪೆಟ್ರೋಲ್ ಬಂಕಿನಲ್ಲಿ ವಾಹನಕ್ಕೆ ಇಂಧನ ತುಂಬಿಸುವವರು ಯಂತ್ರದ ಮೇಲೆ ನೋಡಬೇಕಾದುದು ಎರಡೇ ಅಂಕಿಗಳನ್ನು: ಎಷ್ಟು ಲೀಟರು, ಎಷ್ಟು ರೂಪಾಯಿ. ವಿದ್ಯುತ್ ಕಾರನ್ನು ಸಾರ್ವಜನಿಕ ಚಾರ್ಜಿಂಗ್ ಕೇಂದ್ರದಲ್ಲಿ ನಿಲ್ಲಿಸಿದವರ ಮೊಬೈಲ್ ಪರದೆಯ ಮೇಲಾದರೋ ಏಳೆಂಟು ಅಂಕಿಗಳು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಕೆಲವು ಏರುತ್ತಿರುತ್ತವೆ, ಒಂದು ಇಳಿಯುತ್ತಿರುತ್ತದೆ, ಇನ್ನೊಂದು ಬಹಳ ಹೊತ್ತು ಸೊನ್ನೆಯಾಗಿಯೇ ಇದ್ದು ಅನಂತರ ಒಮ್ಮೆಲೇ ಏರತೊಡಗುತ್ತದೆ. ಇವು ಒಂದಕ್ಕೊಂದು ಹೊಂದುವುದಿಲ್ಲವೆಂದೂ, ಯಂತ್ರವು ಕಡಿಮೆ ವಿದ್ಯುತ್ತನ್ನು ಕೊಟ್ಟು ಹೆಚ್ಚು ಹಣ ಪಡೆಯಿತೆಂದೂ ಅನೇಕರು ದೂರುವುದುಂಟು. ದೂರು ಕೆಲವೊಮ್ಮೆ ನಿಜವಾಗಿರುತ್ತದೆ. ಆದರೆ ಬಹುಮಟ್ಟಿಗೆ, ಒಂದು ಅಂಕಿಯು ಉತ್ತರಿಸುವ ಪ್ರಶ್ನೆಯನ್ನು ಮತ್ತೊಂದು ಅಂಕಿಗೆ ಕೇಳಿದುದರಿಂದ ಉಂಟಾದ ಗೊಂದಲವಾಗಿರುತ್ತದೆ.

ವಿಷಯವನ್ನು ಒಂದು ಉದಾಹರಣೆಯ ಮೂಲಕ ನೋಡುವುದು ಅನುಕೂಲ. ಮುಂಬಯಿಗೆ ಸಮೀಪದ ಡೊಂಬಿವಲಿಯ ಕುಟುಂಬವೊಂದು ಬೆಳಗಾವಿಗೆ ಕಾರಿನಲ್ಲಿ ಹೊರಟಿದೆಯೆಂದು ಭಾವಿಸೋಣ. ಕಾರಿನ ಬ್ಯಾಟರಿಯಲ್ಲಿ ಬಳಸಲು ದೊರೆಯುವ ಸಾಮರ್ಥ್ಯ 40 ಕಿಲೋವ್ಯಾಟ್-ಗಂಟೆ, ಅಂದರೆ ನಮ್ಮ ಮನೆಯ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ 40 ಯೂನಿಟ್. ಪುಣೆಯನ್ನು ದಾಟಿ ಸಾತಾರಾದ ಬಳಿ ರಾಷ್ಟ್ರೀಯ ಹೆದ್ದಾರಿ 48ರ ಬದಿಯ ಒಂದು ಚಾರ್ಜಿಂಗ್ ಕೇಂದ್ರಕ್ಕೆ ಬಂದಾಗ ಬ್ಯಾಟರಿಯಲ್ಲಿ ಶೇಕಡ 18 ಉಳಿದಿತ್ತು. ಮಧ್ಯಾಹ್ನ 1 ಗಂಟೆ 10 ನಿಮಿಷಕ್ಕೆ ಗನ್ ಜೋಡಿಸಿ, ಕಾರಿನ ಯಜಮಾನರು ಮನೆಯವರೊಡನೆ ಊಟಕ್ಕೆ ಕುಳಿತರು. 2 ಗಂಟೆ 2 ನಿಮಿಷಕ್ಕೆ ಅವರು ತಮ್ಮ ಮೊಬೈಲಿನಲ್ಲಿ ತೆಗೆದ ಪರದೆಯ ಚಿತ್ರದಲ್ಲಿ, ಅಂದರೆ ಸ್ಕ್ರೀನ್‌ಶಾಟ್‌ನಲ್ಲಿ, ಹೀಗೆ ಇದೆ:

```
Status: Charging
Charger: DC CCS2 60 kW
Charging speed: 14 kW
Battery: 86%
Energy delivered: 29.1 kWh
Duration: 00:52
Rate: ₹21.00/kWh incl. GST
Idle fee: ₹0.00
```

ದರಗಳು ಇಲ್ಲಿ ಉದಾಹರಣೆಗಾಗಿ ಇಟ್ಟುಕೊಂಡವು; ಒಂದೊಂದು ಸಂಸ್ಥೆಯ ದರ ಒಂದೊಂದು ರೀತಿಯಾಗಿರುತ್ತದೆ. ಪರದೆಯ ವಿನ್ಯಾಸವೂ ಆ್ಯಪಿನಿಂದ ಆ್ಯಪಿಗೆ ಬದಲಾಗುತ್ತದೆ. ಆದರೆ ಈ ಸಾಲುಗಳು ಯಾವುದಾದರೊಂದು ರೂಪದಲ್ಲಿ ಸಾಮಾನ್ಯವಾಗಿ ಎಲ್ಲ ಕಡೆಯೂ ಇರುತ್ತವೆ. ಈ ಚಿತ್ರವನ್ನು ನೋಡಿದ ಯಜಮಾನರ ಮನಸ್ಸಿನಲ್ಲಿ ಮೂರು ಸಂದೇಹಗಳು ಎದ್ದವು. ಅರವತ್ತು ಕಿಲೋವ್ಯಾಟಿನ ಯಂತ್ರವು ಹದಿನಾಲ್ಕನ್ನು ಮಾತ್ರ ಏಕೆ ಕೊಡುತ್ತಿದೆ? ಬ್ಯಾಟರಿಗೆ ಸೇರಿದ ಶೇಕಡ 68ಕ್ಕೆ 29.1 ಯೂನಿಟ್ ಏಕೆ ಬೇಕಾಯಿತು? ಇನ್ನೂ ಕಾಯಬೇಕೆ, ಹೊರಡಬೇಕೆ? ಒಂದೊಂದನ್ನೇ ತೆಗೆದುಕೊಳ್ಳೋಣ.

ವೇಗವನ್ನು ನಿರ್ಧರಿಸುವವರು ಯಾರು?

ಚಾರ್ಜಿಂಗ್ ವೇಗವು ಕಿಲೋವ್ಯಾಟಿನಲ್ಲಿದೆ. ಅದು ಆ ಕ್ಷಣದಲ್ಲಿ ವಿದ್ಯುತ್ತು ಹರಿಯುತ್ತಿರುವ ರಭಸವೇ ಹೊರತು ಈವರೆಗೆ ಹರಿದ ಮೊತ್ತವಲ್ಲ. ನಲ್ಲಿಯಿಂದ ನೀರು ಬರುವ ರಭಸಕ್ಕೂ ಕೊಡದಲ್ಲಿ ನಿಂತ ನೀರಿಗೂ ಇರುವ ವ್ಯತ್ಯಾಸವೇ ಇಲ್ಲಿ ಕಿಲೋವ್ಯಾಟಿಗೂ ಕಿಲೋವ್ಯಾಟ್-ಗಂಟೆಗೂ ಇದೆ. ಹೆಸರುಗಳು ಹೋಲುವುದರಿಂದ ಇವೆರಡನ್ನು ಬೆರೆಸುವುದು ಸರ್ವೇಸಾಮಾನ್ಯವಾದ ತಪ್ಪು.

ಯಂತ್ರದ ಮೇಲೆ ಬರೆದಿರುವ 60 ಕಿಲೋವ್ಯಾಟ್ ಎಂಬುದು ಆ ಯಂತ್ರವು ಕೊಡಬಲ್ಲ ಗರಿಷ್ಠ ಪ್ರಮಾಣ. ಅದನ್ನು ಕೊಡಲೇಬೇಕೆಂಬ ವಾಗ್ದಾನ ಅದರಲ್ಲಿ ಇಲ್ಲ. ಎಷ್ಟನ್ನು ಕೊಡಬೇಕೆಂದು ಕೇಳುವುದು ಕಾರು. ಬ್ಯಾಟರಿಯ ಮೇಲ್ವಿಚಾರಣೆ ಮಾಡುವ ವಿದ್ಯುನ್ಮಾನ ವ್ಯವಸ್ಥೆಯೊಂದು ಪ್ರತಿಯೊಂದು ಕಾರಿನಲ್ಲಿಯೂ ಇದ್ದು, ಕೋಶಗಳ ವೋಲ್ಟೇಜು ಮತ್ತು ಉಷ್ಣತೆಗಳನ್ನು ಎಡೆಬಿಡದೆ ಅಳೆಯುತ್ತ, ಈಗ ಇಷ್ಟು ವಿದ್ಯುತ್ ಪ್ರವಾಹ ಸಾಕೆಂದು ಗನ್ನಿನ ತಂತಿಯ ಮೂಲಕವೇ ಯಂತ್ರಕ್ಕೆ ತಿಳಿಸುತ್ತಿರುತ್ತದೆ. ಕಾರು ಕೇಳಿದುದು ಮತ್ತು ಯಂತ್ರವು ಕೊಡಬಲ್ಲುದು, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಪರದೆಯ ಮೇಲೆ ಕಾಣಿಸುತ್ತದೆ.

ಬ್ಯಾಟರಿಯು ಬಹುಪಾಲು ಖಾಲಿಯಾಗಿರುವಾಗ ಕಾರು ಹೆಚ್ಚು ಪ್ರವಾಹವನ್ನು ಕೇಳುತ್ತದೆ. ನಮ್ಮ ಉದಾಹರಣೆಯ ಕಾರು ಮೊದಲ ಕಾಲು ಗಂಟೆಯಲ್ಲಿ 40 ಕಿಲೋವ್ಯಾಟಿಗಿಂತ ಹೆಚ್ಚನ್ನು ಪಡೆದಿತ್ತು. ಶೇಕಡ 80ನ್ನು ಸಮೀಪಿಸುತ್ತಿದ್ದಂತೆ ಕೋಶಗಳ ವೋಲ್ಟೇಜು ಮೇಲಿನ ಮಿತಿಯ ಹತ್ತಿರಕ್ಕೆ ಬರುತ್ತದೆ. ಆಗಲೂ ಅದೇ ರಭಸದಿಂದ ತುಂಬಿದರೆ ಕೋಶಗಳಿಗೆ ಹಾನಿಯಾಗುವುದರಿಂದ ಕಾರು ತನ್ನ ಬೇಡಿಕೆಯನ್ನು ಹಂತಹಂತವಾಗಿ ತಗ್ಗಿಸುತ್ತದೆ. ಕೊಡದ ಕಂಠದವರೆಗೆ ನೀರು ಬಂದಾಗ ಚೆಲ್ಲದಂತೆ ನಾವು ನಲ್ಲಿಯನ್ನು ಸಣ್ಣದಾಗಿ ತಿರುಗಿಸುವುದಿಲ್ಲವೆ, ಅದರಂತೆಯೇ. ಆದ್ದರಿಂದ ಶೇಕಡ 86ರಲ್ಲಿ 14 ಕಿಲೋವ್ಯಾಟ್ ಕಾಣಿಸಿದರೆ ಅದು ಯಂತ್ರದ ದೋಷವಲ್ಲ. ಇನ್ನೂ ದೊಡ್ಡ ಯಂತ್ರಕ್ಕೆ ಜೋಡಿಸಿದ್ದರೂ ಆ ಕಾರು ಆ ಹಂತದಲ್ಲಿ ಅಷ್ಟನ್ನೇ ಪಡೆಯುತ್ತಿತ್ತು.

ಇದೇ 14 ಕಿಲೋವ್ಯಾಟ್ ಎಂಬ ಅಂಕಿ ಶೇಕಡ 30ರಲ್ಲಿ ಕಾಣಿಸಿಕೊಂಡಿದ್ದರೆ ವಿಚಾರ ಬೇರೆಯಾಗುತ್ತಿತ್ತು. ಆಗ ಕಾರಣವನ್ನು ಹುಡುಕಬೇಕು. ಒಂದು ಸಾಧ್ಯತೆಯೆಂದರೆ, ಒಂದೇ ಯಂತ್ರಕ್ಕೆ ಎರಡು ಗನ್ನುಗಳಿದ್ದು, ಪಕ್ಕದಲ್ಲಿ ಇನ್ನೊಂದು ಕಾರು ಬಂದು ನಿಂತಿರುವುದು. ಇಂಥ ಅನೇಕ ಯಂತ್ರಗಳು ತಮ್ಮ ಶಕ್ತಿಯನ್ನು ಎರಡೂ ಕಾರುಗಳಿಗೆ ಹಂಚುತ್ತವೆ. 60 ಎಂಬುದು ತಲಾ 30 ಆಗುತ್ತದೆ. ಪಕ್ಕದ ಕಾರು ಜೋಡಣೆಯಾದ ಕ್ಷಣದಲ್ಲಿಯೇ ವೇಗವು ಒಮ್ಮೆಲೇ ಅರ್ಧಕ್ಕೆ ಇಳಿದು ಅಲ್ಲಿಯೇ ಸ್ಥಿರವಾಗಿ ನಿಂತರೆ ಕಾರಣ ಇದೇ ಎಂದು ಊಹಿಸಬಹುದು. ಇನ್ನೊಂದು ಸಾಧ್ಯತೆ ಉಷ್ಣತೆ. ಬೇಸಿಗೆಯ ಮಧ್ಯಾಹ್ನ ಘಟ್ಟ ಹತ್ತಿ ಬಂದ ಬ್ಯಾಟರಿ ಕಾದಿದ್ದರೆ, ಅಥವಾ ದೆಹಲಿಯ ಜನವರಿಯ ಮುಂಜಾನೆಯಲ್ಲಿ ಅದು ತಣ್ಣಗಾಗಿದ್ದರೆ, ಕಾರು ತಾನಾಗಿಯೇ ಕಡಿಮೆ ಕೇಳುತ್ತದೆ. ಈ ಇಳಿತ ಒಮ್ಮೆಲೇ ಆಗದೆ ಮೆಲ್ಲಮೆಲ್ಲನೆ ಆಗುತ್ತದೆ. ಎರಡೂ ಅಲ್ಲದಿದ್ದರೆ ಯಂತ್ರದ ಒಳಗಿನ ವಿದ್ಯುತ್ ಘಟಕಗಳಲ್ಲಿ ಒಂದೆರಡು ಕೆಲಸ ನಿಲ್ಲಿಸಿರಬಹುದು. ಹಾಗಾಗಿದ್ದರೆ ಪಕ್ಕದ ಬೇರೆ ಯಂತ್ರಕ್ಕೆ ಕಾರನ್ನು ಜೋಡಿಸಿದಾಗ ವೇಗ ಏರುತ್ತದೆ. ಅದಕ್ಕಿಂತ ಸುಲಭವಾದ ಪರೀಕ್ಷೆ ಬೇರೊಂದಿಲ್ಲ.

ಕಾಯುವುದರಿಂದ ಏನು ಲಾಭ?

ಪರದೆಯ ಮೇಲಿನ ವೇಗದಿಂದ ಉಳಿದ ಸಮಯವನ್ನು ಲೆಕ್ಕ ಹಾಕುವಾಗ ಎಚ್ಚರ ಬೇಕು. ಶೇಕಡ 86ರಿಂದ 100ಕ್ಕೆ ಬೇಕಾದುದು ಶೇಕಡ 14, ಅಂದರೆ 5.6 ಯೂನಿಟ್. ಅದನ್ನು 14ರಿಂದ ಭಾಗಿಸಿದರೆ 24 ನಿಮಿಷವೆಂದು ಬರುತ್ತದೆ. ಆದರೆ ವೇಗವು 14ರಲ್ಲಿಯೇ ನಿಲ್ಲುವುದಿಲ್ಲವಲ್ಲ! ಅದು ಹತ್ತಕ್ಕೆ, ಐದಕ್ಕೆ, ಕೊನೆಯಲ್ಲಿ ಇನ್ನೂ ಕೆಳಕ್ಕೆ ಇಳಿಯುತ್ತ ಹೋಗುವುದರಿಂದ ವಾಸ್ತವದಲ್ಲಿ ಮುಕ್ಕಾಲು ಗಂಟೆಯೂ ಹಿಡಿಯಬಹುದು. ಶೇಕಡ 68ನ್ನು ತುಂಬಲು 52 ನಿಮಿಷ ಸಾಕಾಗಿದ್ದ ಬ್ಯಾಟರಿಗೆ ಕೊನೆಯ 14ಕ್ಕೆ ಸುಮಾರು ಅಷ್ಟೇ ಹೊತ್ತು ಬೇಕಾಗುತ್ತದೆ ಎಂದರೆ ಮೊದಲ ಬಾರಿಗೆ ಕೇಳುವವರಿಗೆ ವಿಚಿತ್ರವೆನಿಸಬಹುದು.

ಸಾತಾರಾದಿಂದ ಕೊಲ್ಹಾಪುರಕ್ಕೆ ಸುಮಾರು 120 ಕಿಲೋಮೀಟರು. ಈ ಗಾತ್ರದ ಕಾರು ಹೆದ್ದಾರಿಯಲ್ಲಿ ಪ್ರತಿ ಕಿಲೋಮೀಟರಿಗೆ ಸುಮಾರು 0.14 ಯೂನಿಟ್ ಬಳಸುತ್ತದೆಂದು ಇಟ್ಟುಕೊಂಡರೆ 17 ಯೂನಿಟ್ಟಿನಷ್ಟು, ಅಂದರೆ ಬ್ಯಾಟರಿಯ ಶೇಕಡ 42ರಷ್ಟು ಸಾಕು. ಬೆಳಗಾವಿಯವರೆಗೆ ಒಂದೇ ಓಟದಲ್ಲಿ ಹೋಗಬೇಕೆಂದರೆ ಶೇಕಡ 86 ಬಹಳ ಬಿಗಿಯಾದ ಲೆಕ್ಕ. ಆದರೆ ಕೊಲ್ಹಾಪುರದಲ್ಲಿ ಹೇಗೂ ಚಹಾಕ್ಕೆ ನಿಲ್ಲುವವರು ಅಲ್ಲಿ ಇಪ್ಪತ್ತು ನಿಮಿಷ ಚಾರ್ಜು ಮಾಡಿಕೊಂಡರೆ ಒಟ್ಟು ಪ್ರಯಾಣದ ಸಮಯ ಉಳಿಯುತ್ತದೆ. ವೇಗದ ಅಂಕಿಯು ಇಳಿಯತೊಡಗಿತೆಂದರೆ ಆ ನಿಲುಗಡೆಯ ಉಪಯುಕ್ತ ಭಾಗ ಮುಗಿಯಿತೆಂದೇ ದೀರ್ಘ ಪ್ರಯಾಣದವರು ತಿಳಿಯಬಹುದು. ಮುಂದಿನ ಊರಿನ ಕೇಂದ್ರವು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬ ಅನುಮಾನವಿದ್ದಲ್ಲಿ ಮಾತ್ರ ಇನ್ನಷ್ಟು ಕಾಯುವುದು ಜಾಣತನ.

ಶೇಕಡಾವಾರು ಅಂಕಿಯ ಬಗ್ಗೆ ಒಂದು ಮಾತು. ಪೆಟ್ರೋಲಿನ ತೊಟ್ಟಿಯಲ್ಲಿ ತೇಲುಗುಂಡು ಇರುವಂತೆ ಬ್ಯಾಟರಿಯೊಳಗೆ ಯಾವುದೂ ಇಲ್ಲ. ಒಳಬಂದ ಮತ್ತು ಹೊರಹೋದ ವಿದ್ಯುತ್ತನ್ನು ಎಣಿಸಿ, ವೋಲ್ಟೇಜಿನೊಡನೆ ತಾಳೆ ನೋಡಿ ಕಾರು ಮಾಡುವ ಅಂದಾಜು ಅದು. ಕಬ್ಬಿಣ ಮತ್ತು ಫಾಸ್ಫೇಟುಗಳಿಂದ ತಯಾರಾದ, ಎಲ್ಎಫ್‌ಪಿ ಎಂದು ಕರೆಯಲಾಗುವ ಬ್ಯಾಟರಿಗಳಲ್ಲಿ ನಡುಭಾಗದ ವೋಲ್ಟೇಜು ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಈ ಅಂದಾಜು ಕ್ರಮೇಣ ತಪ್ಪುತ್ತದೆ. ಅವನ್ನು ಆಗಾಗ ಶೇಕಡ 100ರವರೆಗೆ ತುಂಬಿಸಬೇಕೆಂದು ತಯಾರಕರು ಹೇಳುವುದಕ್ಕೆ ಇದು ಒಂದು ಕಾರಣ. ಅದನ್ನು ಮನೆಯಲ್ಲಿ ರಾತ್ರಿ ಮಾಡಿಕೊಳ್ಳುವುದು ಲೇಸು. ಹೆದ್ದಾರಿಯ ಕೇಂದ್ರದಲ್ಲಿ, ಹಿಂದೆ ನಾಲ್ಕು ಕಾರುಗಳು ಕಾದಿರುವಾಗ ಅಲ್ಲ.

ಯೂನಿಟ್ಟಿನ ಲೆಕ್ಕ ಏಕೆ ಹೊಂದುವುದಿಲ್ಲ?

ಈಗ ಎರಡನೆಯ ಸಂದೇಹ. ಶೇಕಡ 18ರಿಂದ 86ಕ್ಕೆ ಏರಿಕೆ 68. ನಲವತ್ತು ಯೂನಿಟ್ಟಿನಲ್ಲಿ ಶೇಕಡ 68 ಎಂದರೆ 27.2. ಪರದೆ ಹೇಳುವುದು 29.1. ನಡುವಿನ 1.9 ಯೂನಿಟ್ ಎಲ್ಲಿಗೆ ಹೋಯಿತು?

ಇಲ್ಲಿ ಅಳೆಯುವ ಜಾಗಗಳು ಎರಡು ಎಂಬುದನ್ನು ಮನಗಾಣಬೇಕು. `Energy delivered` ಎಂಬುದು ಯಂತ್ರದ ಮೀಟರು ಕಂಡದ್ದು, ಗನ್ನಿನ ಮೂಲಕ ಕಾರಿಗೆ ಹೋದ ವಿದ್ಯುತ್ತು. ಶೇಕಡಾ ಎಂಬುದು ಬ್ಯಾಟರಿಯಲ್ಲಿ ನಿಂತುದರ ಅಂದಾಜು. ಇವೆರಡರ ನಡುವೆ ಕೆಲವು ಖರ್ಚುಗಳಿವೆ. ಚಾರ್ಜಾಗುವಾಗ ಕೋಶಗಳು ಬಿಸಿಯಾಗುತ್ತವೆ. ಆ ಬಿಸಿಯೂ ವಿದ್ಯುತ್ತಿನಿಂದಲೇ ಬಂದದ್ದು. ಅದನ್ನು ತಣಿಸುವ ವ್ಯವಸ್ಥೆ ಇನ್ನಷ್ಟನ್ನು ಬಳಸುತ್ತದೆ. ಮನೆಯ ಹಿರಿಯರೊಬ್ಬರು ಊಟಕ್ಕೆ ಇಳಿಯದೆ ಏರ್ ಕಂಡೀಷನರ್ ಹಾಕಿಕೊಂಡು ಕಾರಿನಲ್ಲೇ ಕುಳಿತಿದ್ದರೆ, ಅದೊಂದೇ 52 ನಿಮಿಷದಲ್ಲಿ ಒಂದು ಯೂನಿಟ್ಟನ್ನು ಸುಲಭವಾಗಿ ನುಂಗಬಲ್ಲುದು. ಇದಲ್ಲದೆ ಪರದೆಯ ಶೇಕಡಾ ಅಂಕಿ ಪೂರ್ಣಾಂಕ. ಈ ಬ್ಯಾಟರಿಯಲ್ಲಿ ಶೇಕಡ ಒಂದು ಎಂದರೆ 0.4 ಯೂನಿಟ್, ಆರಂಭದ ಮತ್ತು ಕೊನೆಯ ಅಂಕಿಗಳಲ್ಲಿ ಬಿಟ್ಟುಹೋದ ದಶಾಂಶಗಳಿಂದಲೇ ಅಷ್ಟು ವ್ಯತ್ಯಾಸ ಬರಬಹುದು. ಹೀಗೆ ನೋಡಿದರೆ 1.9 ಯೂನಿಟ್, ಅಂದರೆ ಕೊಟ್ಟುದರಲ್ಲಿ ಶೇಕಡ 6.5, ಸಹಜವಾದ ಅಂತರವೇ ಆಗಿದೆ. ಈ ಅಂತರ ಶೇಕಡ 15ನ್ನು ಮೀರಿದರೆ, ಅದೂ ಕಾರಿನಲ್ಲಿ ಯಾರೂ ಕೂರದಿದ್ದಾಗ, ಒಂದೇ ಕೇಂದ್ರದಲ್ಲಿ ಮತ್ತೆಮತ್ತೆ ಹಾಗೆ ಆದರೆ, ಮೀಟರನ್ನು ಶಂಕಿಸಲು ಆಧಾರವಿದೆಯೆಂದು ಈ ಲೇಖಕನ ಅಭಿಪ್ರಾಯ. ಒಂದು ಸಲದ ವ್ಯತ್ಯಾಸದಿಂದ ಏನನ್ನೂ ನಿರ್ಧರಿಸಲಾಗದು.

ಅಂತರವು ಉಲ್ಟಾ ದಿಕ್ಕಿಗೂ ಬರಬಹುದು. ಶೇಕಡ 68 ತುಂಬಲು 25 ಅಥವಾ 26 ಯೂನಿಟ್ ಸಾಕಾಯಿತೆಂದರೆ ಕೆಲವರು ಅದನ್ನು ಲಾಭವೆಂದು ತಿಳಿಯುತ್ತಾರೆ. ವಾಸ್ತವವಾಗಿ ಅದು ಹಳೆಯದಾದ ಬ್ಯಾಟರಿಯ ಲಕ್ಷಣವಾಗಿರಬಹುದು. 40 ಯೂನಿಟ್ಟಿನ ಬ್ಯಾಟರಿಯು ವರ್ಷಗಳ ಬಳಕೆಯಿಂದ 36ಕ್ಕೆ ಇಳಿದಿದ್ದರೆ, ಅದರ ಶೇಕಡ 68 ಎಂದರೆ 24.5 ಮಾತ್ರ. ಕೊಡವೇ ಚಿಕ್ಕದಾದರೆ ತುಂಬಲು ನೀರು ಕಡಿಮೆ ಸಾಕಲ್ಲವೆ? ದೊಡ್ಡ ಏರಿಕೆಯ ನಾಲ್ಕಾರು ಚಾರ್ಜುಗಳ ಚಿತ್ರಗಳನ್ನು ಇಟ್ಟುಕೊಂಡು ಯೂನಿಟ್ಟನ್ನು ಶೇಕಡಾ ಏರಿಕೆಯಿಂದ ಭಾಗಿಸಿ ನೋಡುವವರಿಗೆ ಬ್ಯಾಟರಿಯ ಸ್ಥಿತಿಯ ಒಂದು ಸ್ಥೂಲ ಅಂದಾಜು ಖರ್ಚಿಲ್ಲದೆ ದೊರೆಯುತ್ತದೆ.

ಹಣದ ಲೆಕ್ಕ ನಿಂತಿರುವುದು ಯಂತ್ರದ ಮೀಟರಿನ ಮೇಲೆ, ಶೇಕಡಾ ಮೇಲಲ್ಲ. 29.1 ಯೂನಿಟ್ಟಿಗೆ 21 ರೂಪಾಯಿಯಂತೆ ಆ ಕ್ಷಣದವರೆಗಿನ ಮೊತ್ತ ರೂ. 611.10. ದರದ ಮುಂದೆ ತೆರಿಗೆ ಸೇರಿದೆಯೇ ಇಲ್ಲವೇ ಎಂಬುದನ್ನು ನೋಡದೆ ಗನ್ ಜೋಡಿಸಬಾರದು. ಸಾರ್ವಜನಿಕ ಚಾರ್ಜಿಂಗ್ ಎಂಬುದು ವಿದ್ಯುತ್ತಿನ ಮಾರಾಟವಲ್ಲ, ಸೇವೆ ಎಂದು ಕೇಂದ್ರ ವಿದ್ಯುತ್ ಸಚಿವಾಲಯವು 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಅದರ ಮೇಲೆ ಶೇಕಡ 18ರ ಸರಕು ಮತ್ತು ಸೇವಾ ತೆರಿಗೆ ಅನ್ವಯಿಸುತ್ತದೆಂದು ಕರ್ನಾಟಕದ ಮುಂಗಡ ನಿರ್ಣಯ ಪ್ರಾಧಿಕಾರವು 2023ರಲ್ಲಿ, ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಅರ್ಜಿಯ ಮೇಲೆ ಹೇಳಿತು. ಆದುದರಿಂದ ತೆರಿಗೆ ಬಿಟ್ಟು 18 ರೂಪಾಯಿ ಎಂದು ತೋರಿಸುವ ಕೇಂದ್ರವೂ, ತೆರಿಗೆ ಸೇರಿಸಿ 21 ಎಂದು ತೋರಿಸುವ ಕೇಂದ್ರವೂ ಹೆಚ್ಚುಕಡಿಮೆ ಒಂದೇ ಬೆಲೆಯವು.

ಐಡಲ್ ಶುಲ್ಕ ಯಾವಾಗ ಆರಂಭ?

ರೈಲಿನಲ್ಲಿ ಸಾಮಾನು ತರಿಸಿಕೊಂಡವರಿಗೆ ಡೆಮರೇಜ್ ಎಂಬ ಮಾತು ಹೊಸದಲ್ಲ. ನಿಗದಿತ ಅವಧಿಯೊಳಗೆ ವ್ಯಾಗನ್ನನ್ನು ಖಾಲಿ ಮಾಡದಿದ್ದರೆ ರೈಲ್ವೆಯವರು ಗಂಟೆಯ ಲೆಕ್ಕದಲ್ಲಿ ತಗಾದೆ ಮಾಡುತ್ತಾರೆ. ಚಾರ್ಜಿಂಗ್ ಆ್ಯಪಿನಲ್ಲಿ `Idle fee` ಎಂದು ಕಾಣುವುದು ಅಂಥದೇ. ಚಾರ್ಜು ಮುಗಿದ ಮೇಲೂ ಗನ್ನನ್ನು ಬಿಡಿಸದೆ ಜಾಗವನ್ನು ಹಿಡಿದುಕೊಂಡಿರುವುದಕ್ಕೆ ನಿಮಿಷದ ಲೆಕ್ಕದಲ್ಲಿ ಬೀಳುವ ಶುಲ್ಕ ಅದು. ವಾಹನ ನಿಲ್ಲಿಸಿದುದಕ್ಕೆ ಮಾಲ್‌ಗಳಲ್ಲಿ ಪಡೆಯುವ ಪಾರ್ಕಿಂಗ್ ಶುಲ್ಕ ಬೇರೆ. ಅದೂ ಇದೂ ಒಟ್ಟಿಗೆ ಬೀಳಬಹುದು. ಈ ಶುಲ್ಕವನ್ನು ಎಲ್ಲ ಸಂಸ್ಥೆಗಳೂ ವಿಧಿಸುವುದಿಲ್ಲ, ವಿಧಿಸುವವರು ಸಾಮಾನ್ಯವಾಗಿ ಕೆಲವು ನಿಮಿಷಗಳ ರಿಯಾಯಿತಿ ಕೊಡುತ್ತಾರೆ.

ಇಲ್ಲಿ ತಪ್ಪುವವರು ಹೆಚ್ಚಾಗಿ ತಪ್ಪುವುದು ಒಂದು ಊಹೆಯಿಂದ. ಬ್ಯಾಟರಿ ಶೇಕಡ 100 ಆಗುವವರೆಗೆ ಶುಲ್ಕ ಬೀಳದು ಎಂಬುದೇ ಆ ಊಹೆ. ಶುಲ್ಕದ ಗಡಿಯಾರ ಓಡತೊಡಗುವುದು ವಿದ್ಯುತ್ ಹರಿವು ನಿಂತಾಗ. ಅದು ಯಾವ ಶೇಕಡಾದಲ್ಲಿ ನಿಂತಿತೆಂಬುದು ಗಣನೆಗೆ ಬರುವುದಿಲ್ಲ. ಹರಿವು ನಿಲ್ಲಲು ಕಾರಣಗಳು ಹಲವು. ಬ್ಯಾಟರಿ ತುಂಬಿರಬಹುದು. ಕಾರಿನಲ್ಲಿಯೋ ಆ್ಯಪಿನಲ್ಲಿಯೋ ಶೇಕಡ 80 ಅಥವಾ 90 ಎಂದು ಮೊದಲೇ ಮಿತಿ ಇಟ್ಟಿರಬಹುದು. ಆ್ಯಪಿನ ವ್ಯಾಲೆಟ್‌ನಲ್ಲಿದ್ದ ಹಣ ಮುಗಿದಿರಬಹುದು. ಇಲ್ಲವೆ ಯಂತ್ರವೇ ಕೆಟ್ಟಿರಬಹುದು.

ನಮ್ಮ ಉದಾಹರಣೆಯ ಕಾರಿನಲ್ಲಿ ಮಿತಿಯನ್ನು ಶೇಕಡ 90ಕ್ಕೆ ಇಡಲಾಗಿತ್ತು. ಯಜಮಾನರು ಅದನ್ನು ಮರೆತು, ತುಂಬಲು ಇನ್ನೂ ಅರ್ಧ ಗಂಟೆ ಇದೆಯೆಂದು ನಿಶ್ಚಿಂತರಾಗಿದ್ದರು. 2 ಗಂಟೆ 11 ನಿಮಿಷಕ್ಕೆ ಬ್ಯಾಟರಿ 90ನ್ನು ಮುಟ್ಟಿ, 30.8 ಯೂನಿಟ್ಟಿನಲ್ಲಿ ಹರಿವು ನಿಂತಿತು. ಈ ಸಂಸ್ಥೆಯ ನಿಯಮ ಹತ್ತು ನಿಮಿಷದ ರಿಯಾಯಿತಿ, ಆಮೇಲೆ ನಿಮಿಷಕ್ಕೆ 4 ರೂಪಾಯಿ ಎಂದಿರಲಿ. ಅವರು ಬಂದು ಗನ್ ಬಿಡಿಸಿದ್ದು 2 ಗಂಟೆ 45ಕ್ಕೆ. ನಿಂತದ್ದು 34 ನಿಮಿಷ, ರಿಯಾಯಿತಿ ಕಳೆದರೆ 24, ಶುಲ್ಕ 96 ರೂಪಾಯಿ. ವಿದ್ಯುತ್ತಿನ ಬಾಬ್ತು ರೂ. 646.80 ಸೇರಿ ಬಿಲ್ಲು ರೂ. 742.80 ಆಯಿತು. 2 ಗಂಟೆ 2 ನಿಮಿಷದ ಚಿತ್ರದಲ್ಲಿ ಶುಲ್ಕದ ಮುಂದೆ ಸೊನ್ನೆ ಇದ್ದುದು ಸರಿಯಾಗಿಯೇ ಇತ್ತು; ಆ ಸೊನ್ನೆಗೆ ಆಯುಷ್ಯ ಇನ್ನು 19 ನಿಮಿಷ ಮಾತ್ರ ಎಂಬುದನ್ನು ಪರದೆ ಹೇಳಲಿಲ್ಲ. ಆದ್ದರಿಂದ ಗನ್ ಜೋಡಿಸುವಾಗಲೇ ಮಿತಿಯನ್ನೂ ವ್ಯಾಲೆಟ್‌ನ ಶಿಲ್ಕನ್ನೂ ನೋಡಿಕೊಳ್ಳುವುದು ಒಳ್ಳೆಯದು. ಹರಿವು ನಿಂತಾಗ ಆ್ಯಪು ಸಂದೇಶ ಕಳುಹಿಸುವುದೇನೋ ಉಂಟು; ಆದರೆ ಹೆದ್ದಾರಿಯ ಬದಿಯಲ್ಲಿ ಮೊಬೈಲ್ ಸಂಕೇತ ಎಲ್ಲೆಡೆಯೂ ಸಿಗುವುದಿಲ್ಲ.

ಹರಿಯುತ್ತಿದೆಯೋ, ನಿಂತಿದೆಯೋ?

ಚಾರ್ಜು ನಡೆಯುತ್ತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಲು ಒಂದೇ ಚಿತ್ರ ಸಾಲದು. ಯಂತ್ರವು ತನ್ನ ಮೀಟರಿನ ಅಂಕಿಗಳನ್ನು ಸಂಸ್ಥೆಯ ಕಂಪ್ಯೂಟರಿಗೆ ಕ್ಷಣಕ್ಷಣವೂ ಕಳುಹಿಸುವುದಿಲ್ಲ, ನಿಗದಿತ ಅವಧಿಗೊಮ್ಮೆ ಕಳುಹಿಸುತ್ತದೆ. ಸಂಪರ್ಕ ಕಡಿದರೆ ಹಳೆಯ ಅಂಕಿಯೇ ಪರದೆಯ ಮೇಲೆ ಉಳಿದುಬಿಡುತ್ತದೆ. ಆದುದರಿಂದ ಐದು ನಿಮಿಷದ ಅಂತರದಲ್ಲಿ ಎರಡು ಚಿತ್ರಗಳನ್ನು ತೆಗೆದು ಯೂನಿಟ್ಟಿನ ಸಾಲನ್ನು ಹೋಲಿಸಬೇಕು. ವೇಗವನ್ನು ನಿಮಿಷಗಳಿಂದ ಗುಣಿಸಿ 60ರಿಂದ ಭಾಗಿಸಿದರೆ ಎಷ್ಟು ಏರಬೇಕಿತ್ತೆಂಬುದು ತಿಳಿಯುತ್ತದೆ. ಹದಿನಾಲ್ಕು ಕಿಲೋವ್ಯಾಟಿಗೆ ಐದು ನಿಮಿಷದಲ್ಲಿ ಸುಮಾರು 1.2 ಯೂನಿಟ್. ನಮ್ಮ ಯಜಮಾನರ ಪರದೆಯಲ್ಲಿ 2 ಗಂಟೆ 7 ನಿಮಿಷಕ್ಕೆ 30.1 ಎಂದಿತ್ತು, ಅಂದರೆ ಏರಿಕೆ ಒಂದು ಯೂನಿಟ್. ಆ ಐದು ನಿಮಿಷದಲ್ಲಿ ವೇಗವೂ 14ರಿಂದ 11ಕ್ಕೆ ಇಳಿದಿದ್ದುದರಿಂದ ಲೆಕ್ಕ ಸರಿಹೋಯಿತು. ವೇಗದ ಅಂಕಿ ಹಾಗೆಯೇ ಇದ್ದು ಯೂನಿಟ್ ಒಂದಿಷ್ಟೂ ಏರದಿದ್ದರೆ ಪರದೆಯನ್ನು ನಂಬದೆ ಯಂತ್ರದ ಬಳಿಗೆ ಹೋಗಿ ಅದರ ಮುಖವನ್ನೂ ಕಾರಿನ ಡ್ಯಾಶ್‌ಬೋರ್ಡನ್ನೂ ನೋಡಬೇಕು.

ಸ್ಥಿತಿಯನ್ನು ಹೇಳುವ ಸಾಲು ಸಹ ಉಪಯುಕ್ತ. ಯಂತ್ರಗಳಿಗೂ ಸಂಸ್ಥೆಯ ಕಂಪ್ಯೂಟರಿಗೂ ನಡೆಯುವ ಸಂಭಾಷಣೆಗೆ ಓಸಿಪಿಪಿ ಎಂಬ ಸಾಮಾನ್ಯ ನಿಯಮಾವಳಿಯೊಂದು ಬಳಕೆಯಲ್ಲಿದೆ. ಅದರ ಪದಗಳನ್ನು ಕೆಲವು ಆ್ಯಪುಗಳು ಹಾಗೆಯೇ ತೋರಿಸುತ್ತವೆ. `SuspendedEV` ಎಂದರೆ ಕಾರು ತಾನಾಗಿ ವಿದ್ಯುತ್ ಪಡೆಯುವುದನ್ನು ನಿಲ್ಲಿಸಿದೆ ಎಂದು. `SuspendedEVSE` ಎಂದರೆ ಯಂತ್ರದ ಕಡೆಯಿಂದ ತಡೆಯಾಗಿದೆ. `Finishing` ಎಂದರೆ ಲೆಕ್ಕ ಮುಗಿದಿದ್ದರೂ ಗನ್ ಇನ್ನೂ ಕಾರಿನಲ್ಲಿದೆ. `Faulted` ಎಂದರೆ ದೋಷ. ಮೊದಲನೆಯದರ ಹೊಣೆ ಕಾರಿನದು, ಎರಡನೆಯದು ಮತ್ತು ನಾಲ್ಕನೆಯದರ ಹೊಣೆ ಕೇಂದ್ರದ್ದು. ಯಂತ್ರದ ದೋಷದಿಂದ ಹರಿವು ನಿಂತಾಗಲೂ ಐಡಲ್ ಶುಲ್ಕ ಬಿದ್ದಿದ್ದರೆ ಅದನ್ನು ಆಕ್ಷೇಪಿಸಲು ಈ ಒಂದು ಪದವಿರುವ ಚಿತ್ರಕ್ಕಿಂತ ಉತ್ತಮವಾದ ಸಾಕ್ಷ್ಯ ಇರಲಾರದು.

ಎಸಿ ಕೇಂದ್ರಗಳಲ್ಲಿ, ಅಂದರೆ ಕಚೇರಿ, ವಸತಿ ಸಂಕೀರ್ಣ ಮತ್ತು ಮಾಲ್‌ಗಳ ನಿಧಾನ ಚಾರ್ಜರುಗಳಲ್ಲಿ, ಬ್ಯಾಟರಿಯ ಶೇಕಡಾ ಅಂಕಿ ಆ್ಯಪಿನಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಇದು ದೋಷವಲ್ಲ. ಡಿಸಿ ಗನ್ನಿನ ತಂತಿಯಲ್ಲಿ ಕಾರು ತನ್ನ ಶೇಕಡಾ ಅಂಕಿಯನ್ನು ಯಂತ್ರಕ್ಕೆ ತಿಳಿಸುತ್ತದೆ. ಎಸಿಯ ಸರಳ ಸಂಕೇತದಲ್ಲಿ ಅದಕ್ಕೆ ಅವಕಾಶವಿಲ್ಲ. ಅಲ್ಲದೆ ಎಸಿಯನ್ನು ಡಿಸಿಯಾಗಿ ಪರಿವರ್ತಿಸುವ ಕೆಲಸ ಕಾರಿನೊಳಗೇ ನಡೆಯುವುದರಿಂದ ಆ ನಷ್ಟವೂ ಮೀಟರಿನ ಈಚೆಗೆ, ಗ್ರಾಹಕರ ಲೆಕ್ಕಕ್ಕೇ ಬೀಳುತ್ತದೆ. ಆದುದರಿಂದ ಅಲ್ಲಿ ಯೂನಿಟ್ಟಿಗೂ ಶೇಕಡಾಗೂ ಇರುವ ಅಂತರವು ಶೇಕಡ 10ರಿಂದ 15ರವರೆಗೆ ಇದ್ದರೂ ಆಶ್ಚರ್ಯಪಡಬೇಕಿಲ್ಲ.

ಬಿಲ್ಲಿನ ಬಗ್ಗೆ ತಕರಾರಿದ್ದರೆ ಮೊದಲು ಸಂಸ್ಥೆಗೇ ಬರೆಯಬೇಕು. ಚಾರ್ಜು ನಡೆಯುತ್ತಿದ್ದಾಗಿನ ಒಂದು ಚಿತ್ರ, ನಿಂತ ಮೇಲಿನ ಒಂದು ಚಿತ್ರ, ಕೊನೆಯ ಬಿಲ್ಲು, ಇವು ಮೂರರಲ್ಲಿಯೂ ಸಮಯ ಮತ್ತು ಆ ಚಾರ್ಜಿನ ಕ್ರಮಸಂಖ್ಯೆ ಕಾಣುವಂತಿರಲಿ. ಅಂತಿಮ ಬಿಲ್ಲು ಮೀಟರಿನ ಆರಂಭದ ಮತ್ತು ಕೊನೆಯ ಅಂಕಿಗಳ ವ್ಯತ್ಯಾಸದಿಂದ ತಯಾರಾಗುವಂಥದು. ಆ ಎರಡು ಅಂಕಿಗಳನ್ನೂ ಹರಿವು ನಿಂತ ಸಮಯವನ್ನೂ ತಿಳಿಸಿರೆಂದು ಪತ್ರದಲ್ಲಿ ಸ್ಪಷ್ಟವಾಗಿ ಕೇಳಬೇಕು. ಸಮರ್ಪಕ ಉತ್ತರ ಬಾರದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬಹುದು.